ತೊಗರಿ ಹಂಗಾಮಿಗೆ ಮುನ್ನ ಉಗ್ರಾಣದ ಸಾಮರ್ಥ್ಯ ಯೋಜನೆ: ತಾತ್ಕಾಲಿಕ ಹಮಾಲರು, ಹೆಚ್ಚುವರಿ ಪಾಳಿ ಮತ್ತು ಹೆಚ್ಚುವರಿ ಸ್ಥಳಾವಕಾಶ

(ದಾಸ್ತಾನು ಇರಿಸಲು ಅರ್ಜಿ ಸಲ್ಲಿಸುವ ರೈತರು, ಗೋದಾಮು ಬಾಡಿಗೆಗೆ ನೀಡಲು ಇಚ್ಛಿಸುವ ಮಾಲೀಕರು ಹಾಗೂ ಹಮಾಲಿ ತಂಡಗಳ ಮಾಹಿತಿಗಾಗಿ)

ಪೀಠಿಕೆ

ಕಲಬುರಗಿ ಜಿಲ್ಲೆ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ಜೂನ್–ಜುಲೈ ತಿಂಗಳಲ್ಲಿ ಬಿತ್ತನೆಯಾದ ತೊಗರಿಯು ಡಿಸೆಂಬರ್‌ನಿಂದ ಕಟಾವಿಗೆ ಬರುತ್ತದೆ. ವರ್ಷವಿಡೀ ಶಾಂತವಾಗಿರುವ ಉಗ್ರಾಣದ ಮುಂದೆ ಸಂಕ್ರಾಂತಿಯ ಆಸುಪಾಸಿನಲ್ಲಿ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಈ ಸಾಲಿನಲ್ಲಿ ಒಂದು ದಿನ ಹೆಚ್ಚಾಗಿ ನಿಂತರೆ ರೈತನು ವಾಹನಕ್ಕೆ ಒಂದು ದಿನದ ಬಾಡಿಗೆಯನ್ನು ಹೆಚ್ಚಾಗಿ ತೆರಬೇಕಾಗುತ್ತದೆ. ಉಗ್ರಾಣ ರಸೀದಿ ದೊರೆಯುವುದು ತಡವಾದಲ್ಲಿ ಅದರ ಆಧಾರದ ಮೇಲೆ ಪಡೆಯಬೇಕಾದ ಸಾಲವೂ ತಡವಾಗುತ್ತದೆ. ಸ್ಥಳವಿಲ್ಲವೆಂದು ಹಿಂದಿರುಗಿಸಿದಲ್ಲಿ ಆವಕ ಅತಿ ಹೆಚ್ಚಾಗಿರುವ, ಅಂದರೆ ಧಾರಣೆ ಕುಗ್ಗುವ ಸಂಭವವಿರುವ ದಿನಗಳಲ್ಲಿಯೇ ಫಸಲನ್ನು ಮಾರಬೇಕಾಗುತ್ತದೆ.

ಆದ್ದರಿಂದ ಹಂಗಾಮು ಪ್ರಾರಂಭವಾಗುವ ಮುನ್ನವೇ, ನವೆಂಬರ್ ತಿಂಗಳಿನಲ್ಲಿ, ಪ್ರತಿ ಉಗ್ರಾಣದ ಸಾಮರ್ಥ್ಯವನ್ನು ಲೆಕ್ಕ ಹಾಕಬೇಕಾಗುತ್ತದೆ. ಈ ಲೆಕ್ಕವನ್ನು ಹೇಗೆ ಮಾಡಲಾಗುತ್ತದೆ, ತಾತ್ಕಾಲಿಕ ಹಮಾಲರು, ಹೆಚ್ಚುವರಿ ಪಾಳಿ ಮತ್ತು ಹೆಚ್ಚುವರಿ ಸ್ಥಳ ಇವುಗಳಲ್ಲಿ ಯಾವುದು ಯಾವಾಗ ಬೇಕಾಗುತ್ತದೆ ಎಂಬುದನ್ನು ಇಲ್ಲಿ ಒಂದು ಉದಾಹರಣೆಯ ಮೂಲಕ ವಿವರಿಸಲಾಗಿದೆ.

ಸಾಮರ್ಥ್ಯ ಎಂದರೆ ಸ್ಥಳ ಮಾತ್ರವಲ್ಲ

5,000 ಟನ್ ಸಾಮರ್ಥ್ಯದ ಉಗ್ರಾಣ ಎಂದಾಗ ಸಾಮಾನ್ಯವಾಗಿ ಒಳಗೆ ಎಷ್ಟು ಚೀಲ ಹಿಡಿಸುತ್ತದೆ ಎಂಬುದಷ್ಟೇ ಗಮನಕ್ಕೆ ಬರುತ್ತದೆ. ವಾಸ್ತವವಾಗಿ ಒಂದು ಚೀಲವು ಗೇಟಿನಿಂದ ಅಟ್ಟಿಯನ್ನು ಸೇರುವವರೆಗೆ ಮೂರು ಹಂತಗಳನ್ನು ದಾಟಬೇಕು. ಮೊದಲನೆಯದು ಮಾದರಿ ಪರೀಕ್ಷೆ ಮತ್ತು ತೂಕ. ಎರಡನೆಯದು ಹಮಾಲರಿಂದ ಇಳಿಸುವಿಕೆ ಮತ್ತು ಅಟ್ಟಿ ಕಟ್ಟುವಿಕೆ. ಮೂರನೆಯದು ಅಟ್ಟಿಗೆ ಬೇಕಾದ ಖಾಲಿ ಸ್ಥಳ. ಈ ಮೂರರಲ್ಲಿ ಯಾವುದು ಅತ್ಯಂತ ಕಡಿಮೆಯೋ ಅದೇ ಆ ದಿನದ ನಿಜವಾದ ಸಾಮರ್ಥ್ಯವಾಗಿರುತ್ತದೆ.

ಮೂರು ಪರಿಹಾರಗಳೂ ಬೇರೆ ಬೇರೆ ಹಂತಕ್ಕೆ ಸಂಬಂಧಿಸಿದವುಗಳಾಗಿವೆ. ಹಮಾಲರನ್ನು ಹೆಚ್ಚಿಸುವುದರಿಂದ ಎರಡನೆಯ ಹಂತದ ವೇಗ ಮಾತ್ರ ಹೆಚ್ಚುತ್ತದೆ. ಬಾಡಿಗೆ ಗೋದಾಮು ಪಡೆಯುವುದರಿಂದ ಮೂರನೆಯ ಹಂತದ ಕೊರತೆ ಮಾತ್ರ ನೀಗುತ್ತದೆ. ಹೆಚ್ಚುವರಿ ಪಾಳಿಯು ಆ ಪಾಳಿಯಲ್ಲಿ ಯಾವ ಸಿಬ್ಬಂದಿ ಹಾಜರಿರುತ್ತಾರೋ ಆ ಹಂತಕ್ಕೆ ಮಾತ್ರ ಉಪಯೋಗವಾಗುತ್ತದೆ. ಕೊರತೆ ಯಾವ ಹಂತದಲ್ಲಿದೆ ಎಂದು ತಿಳಿಯದೆ ಮಾಡಿದ ವೆಚ್ಚದಿಂದ ಗೇಟಿನ ಮುಂದಿನ ಸಾಲು ಕಡಿಮೆಯಾಗುವುದಿಲ್ಲ.

ಉದಾಹರಣೆ: 5,000 ಟನ್ ಸಾಮರ್ಥ್ಯದ ಒಂದು ಉಗ್ರಾಣ

ಈ ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವುಗಳಾಗಿವೆ. ಪ್ರತಿ ಉಗ್ರಾಣವು ತನ್ನ ಹಿಂದಿನ ವರ್ಷಗಳ ಆವಕ ವಹಿಯಿಂದ ತನ್ನದೇ ಅಂಕಿಗಳನ್ನು ತೆಗೆದುಕೊಳ್ಳಬೇಕು.

ಈ ಉಗ್ರಾಣದಲ್ಲಿ 40 ಅಟ್ಟಿಗಳಿಗೆ ಸ್ಥಳ ಗುರುತಿಸಲಾಗಿದೆ. ಒಂದೊಂದು ಅಟ್ಟಿಯಲ್ಲಿ 50 ಕಿಲೋ ತೂಕದ 2,500 ಚೀಲಗಳನ್ನು ಇರಿಸಬಹುದು. ಹೀಗೆ ಒಟ್ಟು 1,00,000 ಚೀಲ, ಅಂದರೆ 5,000 ಟನ್ ಆಗುತ್ತದೆ. ಹಂಗಾಮಿನ ಹತ್ತು ವಾರಗಳಲ್ಲಿ, ಡಿಸೆಂಬರ್ ಮೂರನೆಯ ವಾರದಿಂದ ಫೆಬ್ರುವರಿ ಅಂತ್ಯದವರೆಗೆ, 90,000 ಚೀಲ ತೊಗರಿ ಬರುವ ನಿರೀಕ್ಷೆ ಇದೆ. 90,000 ಎಂಬುದು 1,00,000ಕ್ಕಿಂತ ಕಡಿಮೆಯಾದುದರಿಂದ ತೊಂದರೆ ಇಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ವಾರವಾರು ನೋಡಿದಾಗ ಚಿತ್ರ ಬದಲಾಗುತ್ತದೆ.

| ವಾರ | ಆವಕ (ಚೀಲ) | ವಿಲೇವಾರಿ (ಚೀಲ) | ದಿನದ ಒಟ್ಟು ಕೆಲಸ (ಚೀಲ) |
|---|---|---|---|
| 1 | 3,000 | 2,000 | 833 |
| 2 | 6,000 | 2,000 | 1,333 |
| 3 | 10,000 | 2,000 | 2,000 |
| 4 | 14,000 | 2,000 | 2,667 |
| 5 | 16,000 | 2,000 | 3,000 |
| 6 | 14,000 | 4,000 | 3,000 |
| 7 | 11,000 | 4,000 | 2,500 |
| 8 | 8,000 | 4,000 | 2,000 |
| 9 | 5,000 | 4,000 | 1,500 |
| 10 | 3,000 | 4,000 | 1,167 |

ವಾರಕ್ಕೆ ಆರು ಕೆಲಸದ ದಿನಗಳೆಂದು ಲೆಕ್ಕ ಹಾಕಲಾಗಿದೆ. ಹಳೆಯ ದಾಸ್ತಾನಿನ ವಿಲೇವಾರಿಗೂ ಅದೇ ಹಮಾಲರು ಬೇಕಾಗುವುದರಿಂದ ಅದನ್ನು ಆವಕದೊಂದಿಗೆ ಕೂಡಿಸಿ ದಿನದ ಒಟ್ಟು ಕೆಲಸವನ್ನು ತೋರಿಸಲಾಗಿದೆ.

ಮೊದಲನೆಯ ಲೆಕ್ಕ: ಸ್ಥಳ

ಉಗ್ರಾಣದಲ್ಲಿ ಕಳೆದ ಸಾಲಿನ 38,000 ಚೀಲಗಳಿವೆ. ಪುಸ್ತಕದ ಲೆಕ್ಕದಲ್ಲಿ ಉಳಿದ 62,000 ಚೀಲಗಳ ಸ್ಥಳ ಖಾಲಿ ಇದೆ. ಆದರೆ ಒಳಗೆ ಹೋಗಿ ಎಣಿಸಿದಾಗ ಈ ಚೀಲಗಳು 18 ಅಟ್ಟಿಗಳ ಸ್ಥಳವನ್ನು ಆಕ್ರಮಿಸಿಕೊಂಡಿರುವುದು ಕಂಡುಬರುತ್ತದೆ. ಸ್ವಲ್ಪ ಸ್ವಲ್ಪ ಮಾಲು ಹೊರಹೋಗಿ ಹಲವು ಅಟ್ಟಿಗಳು ಅರ್ಧಂಬರ್ಧ ಉಳಿದಿರುವುದೇ ಇದಕ್ಕೆ ಕಾರಣ. ಅರ್ಧ ಉಳಿದ ಅಟ್ಟಿಯ ಮೇಲೆ ಬೇರೆ ಠೇವಣಿದಾರರ ಹೊಸ ಮಾಲನ್ನು ಹೇರಲು ಬರುವುದಿಲ್ಲ. ಹಾಗೆ ಮಾಡಿದಲ್ಲಿ ಯಾರ ಮಾಲು ಯಾವುದೆಂಬುದೇ ತಿಳಿಯದಾಗುತ್ತದೆ. ಹಳೆಯ ಮಾಲಿನ ಹುಳು ಹೊಸ ಮಾಲಿಗೆ ದಾಟುವ ಅಪಾಯವೂ ಇದೆ.

ಒಂದೇ ಠೇವಣಿದಾರರ, ಒಂದೇ ಗುಣಮಟ್ಟದ ಅರ್ಧ ಅಟ್ಟಿಗಳನ್ನು ನವೆಂಬರ್‌ನಲ್ಲಿಯೇ ಕೂಡಿಸಿ ಕಟ್ಟಿದಲ್ಲಿ 38,000 ಚೀಲಗಳು 16 ಅಟ್ಟಿಗಳಲ್ಲಿ ಅಡಕವಾಗುತ್ತವೆ. ಬಿದ್ದ ಅಥವಾ ಕೆಟ್ಟ ಅಟ್ಟಿಯನ್ನು ಬಿಚ್ಚಿ ಮರಳಿ ಕಟ್ಟಲು ಎರಡು ಅಟ್ಟಿಗಳ ಸ್ಥಳವನ್ನು ಸದಾ ಖಾಲಿ ಇಡಬೇಕು. ಉಳಿಯುವುದು 22 ಅಟ್ಟಿ, ಅಂದರೆ 55,000 ಚೀಲಗಳ ಸ್ಥಳ.

ಇದಕ್ಕೆ ವಿಲೇವಾರಿಯಿಂದ ತೆರವಾಗುವ ಸ್ಥಳವನ್ನು ವಾರವಾರು ಕೂಡಿಸಬೇಕು. ಆರನೆಯ ವಾರದ ಕೊನೆಗೆ ಒಟ್ಟು 63,000 ಚೀಲ ಬಂದಿರುತ್ತವೆ. ಸ್ಥಳ 69,000 ಚೀಲಗಳಿಗಿರುತ್ತದೆ. ಏಳನೆಯ ವಾರದಲ್ಲಿ 74,000 ಚೀಲಗಳಿಗೆ 73,000 ಚೀಲಗಳ ಸ್ಥಳವಿದ್ದು ಕೊರತೆ ಪ್ರಾರಂಭವಾಗುತ್ತದೆ. ಒಂಬತ್ತನೆಯ ವಾರದಲ್ಲಿ ಕೊರತೆಯು 6,000 ಚೀಲಗಳಿಗೆ ತಲುಪುತ್ತದೆ. ಫಸಲು ನಿರೀಕ್ಷೆಗಿಂತ ಶೇ. 10ರಷ್ಟು ಹೆಚ್ಚಾದಲ್ಲಿ ಇದೇ ಕೊರತೆ ಸುಮಾರು 15,000 ಚೀಲ, ಅಂದರೆ 750 ಟನ್ ಆಗುತ್ತದೆ ಮತ್ತು ಆರನೆಯ ವಾರದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಈ ಉಗ್ರಾಣಕ್ಕೆ ಬೇಕಾದ ಹೆಚ್ಚುವರಿ ಸ್ಥಳ 750 ಟನ್. ಅದು ಆರನೆಯ ವಾರದ ಆರಂಭಕ್ಕೆ ಸಿದ್ಧವಿರಬೇಕು.

ಈ ಲೆಕ್ಕವು ಒಂದು ಷರತ್ತಿಗೆ ಒಳಪಟ್ಟಿದೆ. ವಿಲೇವಾರಿಯನ್ನು ಒಂದು ಅಟ್ಟಿ ಪೂರ್ತಿ ಮುಗಿದ ಮೇಲೆ ಇನ್ನೊಂದರಿಂದ ಎಂಬ ಕ್ರಮದಲ್ಲಿಯೇ ಮಾಡತಕ್ಕದ್ದು. ಎಲ್ಲ ಅಟ್ಟಿಗಳಿಂದಲೂ ಸ್ವಲ್ಪ ಸ್ವಲ್ಪ ತೆಗೆದಲ್ಲಿ ಹತ್ತು ವಾರಗಳಲ್ಲಿ 30,000 ಚೀಲ ಹೊರಹೋದರೂ ಒಂದು ಅಟ್ಟಿಯ ಸ್ಥಳವೂ ತೆರವಾಗದಿರಬಹುದು. ಆಗ ನಿರೀಕ್ಷಿತ ಆವಕಕ್ಕೇ ಕೊರತೆ 35,000 ಚೀಲಗಳಾಗುತ್ತದೆ. ಪುಸ್ತಕದಲ್ಲಿ ಖಾಲಿ, ಒಳಗೆ ಭರ್ತಿ ಎಂಬ ಪರಿಸ್ಥಿತಿ ಹೀಗೆಯೇ ಉಂಟಾಗುವುದು.

ಎರಡನೆಯ ಲೆಕ್ಕ: ಪರೀಕ್ಷೆ ಮತ್ತು ತೂಕ

ಬೆಂಬಲ ಬೆಲೆ ಖರೀದಿಯ ಗುಣಮಟ್ಟದಂತೆ ತೊಗರಿಯ ತೇವಾಂಶ ಶೇ. 12ನ್ನು ಮೀರಬಾರದು. ಪ್ರತಿ ವಾಹನದ ಚೀಲಗಳಿಂದ ಮಾದರಿ ತೆಗೆದು, ತೇವಾಂಶ ಮಾಪಕದಲ್ಲಿ ಪರೀಕ್ಷಿಸಿ, ಕಸಕಡ್ಡಿ ಮತ್ತು ಹುಳುಕು ನೋಡಿ, ತೂಕ ಮಾಡಲು ಈ ಉಗ್ರಾಣದಲ್ಲಿ ಸುಮಾರು 15 ನಿಮಿಷ ಹಿಡಿಯುತ್ತದೆ. ಎಂಟು ಗಂಟೆಗಳಲ್ಲಿ 32 ವಾಹನಗಳಾಗಬೇಕಾದರೂ ವಾಸ್ತವದಲ್ಲಿ 28 ವಾಹನಗಳಾಗುತ್ತವೆ. ವಾಹನಕ್ಕೆ ಸರಾಸರಿ 60 ಚೀಲದಂತೆ ದಿನಕ್ಕೆ 1,680 ಚೀಲ.

ಐದನೆಯ ವಾರದಲ್ಲಿ ದಿನಕ್ಕೆ ಸುಮಾರು 2,667 ಚೀಲ, ಅಂದರೆ 45 ವಾಹನಗಳು ಬರುತ್ತವೆ. ಪರೀಕ್ಷಾ ಮೇಜು ಒಂದೇ ಇದ್ದಲ್ಲಿ ದಿನಕ್ಕೆ 17 ವಾಹನಗಳು ರಾತ್ರಿ ಗೇಟಿನ ಹೊರಗೆ ಉಳಿಯುತ್ತವೆ. ಎಷ್ಟೇ ಹಮಾಲರನ್ನು ನೇಮಿಸಿದರೂ ಈ ಸಂಖ್ಯೆ ಕಡಿಮೆಯಾಗುವುದಿಲ್ಲ. ಪರೀಕ್ಷೆಯಾಗದ ಚೀಲವನ್ನು ಇಳಿಸುವಂತಿಲ್ಲವಾದ್ದರಿಂದ ಅವರು ನೆರಳಿನಲ್ಲಿ ಕುಳಿತಿರಬೇಕಾಗುತ್ತದೆ.

ಇಲ್ಲಿ ಸಂಜೆ ನಾಲ್ಕು ಗಂಟೆಗಳ ಪಾಳಿಯನ್ನು ಸೇರಿಸಿದರೆ 14 ವಾಹನಗಳು ಹೆಚ್ಚುತ್ತವೆ. ಒಟ್ಟು 42 ಆಗುತ್ತದೆಯೇ ಹೊರತು 45 ಆಗುವುದಿಲ್ಲ. ಅಲ್ಲದೆ ಮಂದ ಬೆಳಕಿನಲ್ಲಿ ಹುಳುಕು ಕಾಳು ಮತ್ತು ತಳದ ಒದ್ದೆ ಚೀಲ ಕಣ್ಣಿಗೆ ಬೀಳುವುದಿಲ್ಲ. ಒಂದು ಒದ್ದೆ ಚೀಲ ಅಟ್ಟಿಯ ನಡುವೆ ಸೇರಿದಲ್ಲಿ ಸುತ್ತಲಿನ ಚೀಲಗಳಿಗೂ ಬೂಷ್ಟು ಹಿಡಿಯಬಹುದು. ಆದ್ದರಿಂದ ಈ ಹಂತಕ್ಕೆ ಸರಿಯಾದ ಪರಿಹಾರ ಹೆಚ್ಚುವರಿ ಪಾಳಿಯಲ್ಲ. ನಾಲ್ಕನೆಯ ವಾರದಿಂದ ಏಳನೆಯ ವಾರದವರೆಗೆ ಹಗಲಿನಲ್ಲಿಯೇ ಎರಡನೆಯ ಪರೀಕ್ಷಾ ಮೇಜು, ಎರಡನೆಯ ತೇವಾಂಶ ಮಾಪಕ, ಎರಡನೆಯ ತೂಕದ ಯಂತ್ರ ಮತ್ತು ತರಬೇತಿ ಪಡೆದ ಒಬ್ಬ ಸಹಾಯಕರನ್ನು ಒದಗಿಸಬೇಕು. ಎರಡೂ ಮಾಪಕಗಳನ್ನು ಒಂದೇ ಮಾದರಿಯಿಂದ ಪರೀಕ್ಷಿಸಿ ತಾಳೆ ನೋಡುವುದು ಅಗತ್ಯ. ಒಂದು ಮೇಜಿನಲ್ಲಿ ತಿರಸ್ಕೃತವಾದ ಮಾಲು ಇನ್ನೊಂದರಲ್ಲಿ ಅಂಗೀಕೃತವಾದಲ್ಲಿ ತಕರಾರಿಗೆ ಎಡೆಯಾಗುತ್ತದೆ.

ಮೂರನೆಯ ಲೆಕ್ಕ: ಹಮಾಲರು ಮತ್ತು ಪಾಳಿ

ಹತ್ತು ಮಂದಿಯ ಒಂದು ತಂಡವು ಇಳಿಸುವುದು ಮತ್ತು ಅಟ್ಟಿ ಕಟ್ಟುವುದು ಸೇರಿ ದಿನಕ್ಕೆ 700 ಚೀಲಗಳನ್ನು ನಿರ್ವಹಿಸುತ್ತದೆ ಎಂದು ಈ ಉಗ್ರಾಣದ ವಹಿಯಿಂದ ತಿಳಿದುಬಂದಿದೆ ಎಂದು ಇಟ್ಟುಕೊಳ್ಳಲಾಗಿದೆ. ಕಾಯಂ ತಂಡಗಳು ಎರಡು, ಅಂದರೆ 1,400 ಚೀಲ. ಕೋಷ್ಟಕದಂತೆ ಮೊದಲ ಎರಡು ವಾರ ಮತ್ತು ಕೊನೆಯ ವಾರಕ್ಕೆ ಇಷ್ಟು ಸಾಕು. ಮೂರನೆಯ ವಾರದಿಂದ ಒಂಬತ್ತನೆಯ ವಾರದವರೆಗೆ ಮೂರನೆಯ ತಂಡ ಬೇಕು. ನಾಲ್ಕರಿಂದ ಏಳನೆಯ ವಾರದವರೆಗೆ ನಾಲ್ಕನೆಯ ತಂಡವೂ ಬೇಕು. ನಾಲ್ಕು ತಂಡಗಳಿಂದ ದಿನಕ್ಕೆ 2,800 ಚೀಲಗಳಾಗುತ್ತವೆ.

ಐದು ಮತ್ತು ಆರನೆಯ ವಾರಗಳಲ್ಲಿ ದಿನಕ್ಕೆ 3,000 ಚೀಲಗಳ ಕೆಲಸವಿದೆ. ಐದನೆಯ ತಂಡವನ್ನು ಹಗಲಿನಲ್ಲಿ ಸೇರಿಸಬಹುದೆಂದು ತೋರಿದರೂ ಈ ಉಗ್ರಾಣದಲ್ಲಿ ಇಳಿಸುವ ಕಟ್ಟೆಗಳು ನಾಲ್ಕೇ ಇವೆ. ಐದನೆಯ ತಂಡಕ್ಕೆ ವಾಹನ ನಿಲ್ಲಿಸುವ ಜಾಗವೇ ಇಲ್ಲ. ಹೆಚ್ಚುವರಿ ಪಾಳಿ ನಿಜವಾಗಿ ಬೇಕಾಗುವುದು ಇಲ್ಲಿಯೇ. ಈ ಎರಡು ವಾರ ಮಾತ್ರ ಸಂಜೆ ನಾಲ್ಕು ಗಂಟೆಗಳ ಕಾಲ ಬೇರೊಂದು ತಂಡವು 350 ಚೀಲಗಳನ್ನು ನಿರ್ವಹಿಸಿದಲ್ಲಿ ಒಟ್ಟು 3,150 ಆಗಿ ಕೆಲಸ ತೀರುತ್ತದೆ. ಸಂಜೆಯ ಪಾಳಿಗೆ ರೈತರ ಹೊಸ ಮಾಲನ್ನು ಕೊಡದೆ, ಈಗಾಗಲೇ ಪರೀಕ್ಷೆಯಾಗಿರುವ ಹಳೆಯ ದಾಸ್ತಾನಿನ ವಿಲೇವಾರಿಯನ್ನು ವಹಿಸಬೇಕು. ಇದರಿಂದ ಹಗಲಿನ ಕಟ್ಟೆಗಳು ರೈತರಿಗೆ ಮೀಸಲಾಗುತ್ತವೆ. ಪರೀಕ್ಷಾ ಸಿಬ್ಬಂದಿ ರಾತ್ರಿಯವರೆಗೆ ಕಾಯಬೇಕಾಗುವುದಿಲ್ಲ.

ಹಗಲಿನಲ್ಲಿ ದುಡಿದ ತಂಡವನ್ನೇ ಸಂಜೆಯೂ ಮುಂದುವರಿಸಬಾರದು. ಎಂಟು ಗಂಟೆ 50 ಕಿಲೋ ಚೀಲ ಹೊತ್ತ ವ್ಯಕ್ತಿಯು ಒಂಬತ್ತನೆಯ ಗಂಟೆಯಲ್ಲಿ ಅಟ್ಟಿಯ ಮೇಲೇರುವಾಗ ಎಡವುವ ಸಂಭವ ಹೆಚ್ಚು. ಅನಿವಾರ್ಯವಾಗಿ ಹೆಚ್ಚು ಅವಧಿ ದುಡಿಸಿಕೊಂಡಲ್ಲಿ ಕಾನೂನಿನ ಮಿತಿಯೊಳಗೆ ಇರಬೇಕು ಮತ್ತು ಆ ಅವಧಿಗೆ ವೇತನದ ಎರಡರಷ್ಟು ನೀಡಬೇಕಾಗುತ್ತದೆ.

ತಾತ್ಕಾಲಿಕ ತಂಡವನ್ನು ಬೇಕಾದ ದಿನವೇ ಕರೆಸುವುದು ಸರಿಯಲ್ಲ. ಚೀಲಗಳನ್ನು ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಹೆಣೆದಂತೆ ಜೋಡಿಸಿದಾಗ ಮಾತ್ರ ಅಟ್ಟಿ ನಿಲ್ಲುತ್ತದೆ. ಹೊಸ ತಂಡವು ಮೊದಲ ವಾರ ಏಳು ಪಾಲು ಕೆಲಸ ಮಾತ್ರ ಮಾಡುತ್ತದೆಂದು, ಅಂದರೆ 700ಕ್ಕೆ ಬದಲು 490 ಚೀಲವೆಂದು ಲೆಕ್ಕ ಹಿಡಿಯಬೇಕು. ಮೂರನೆಯ ತಂಡ ಮೂರನೆಯ ವಾರವೇ ಬಂದಲ್ಲಿ 2,000 ಚೀಲದ ಕೆಲಸಕ್ಕೆ 1,890 ಮಾತ್ರ ಆಗುತ್ತದೆ. ಆದ್ದರಿಂದ ಪ್ರತಿ ತಾತ್ಕಾಲಿಕ ತಂಡವನ್ನು ಒಂದು ವಾರ ಮುಂಚಿತವಾಗಿ ಸೇರಿಸಿಕೊಂಡು ಅನುಭವಿ ಹಮಾಲರೊಂದಿಗೆ ಕೆಲಸ ಮಾಡಿಸುವುದು ಉಚಿತ. ಅಟ್ಟಿಯು ಒಂದು ಪಕ್ಕಕ್ಕೆ ವಾಲುತ್ತಿದ್ದಲ್ಲಿ ಅದು ಅವಸರದ ಜೋಡಣೆಯ ಗುರುತು. ಅದನ್ನು ಕೂಡಲೇ ಬಿಚ್ಚಿ ಕಟ್ಟಬೇಕು.

ಹೆಚ್ಚುವರಿ ಸ್ಥಳದಲ್ಲಿ ಯಾರ ಮಾಲನ್ನು ಇರಿಸಬೇಕು?

750 ಟನ್ ಸ್ಥಳವನ್ನು ಖಾಸಗಿ ಗೋದಾಮಿನಿಂದ ಅಥವಾ ಮಾರುಕಟ್ಟೆ ಪ್ರಾಂಗಣದ ಗೋದಾಮಿನಿಂದ ಪಡೆಯಬಹುದು. ಎತ್ತರದ ಕಟ್ಟೆಯ ಮೇಲೆ ಅಟ್ಟಿ ಕಟ್ಟಿ ಹೊದಿಕೆ ಹಾಕಿ ಬಯಲಿನಲ್ಲಿ ಇಡುವ ಪದ್ಧತಿಯನ್ನು ಗೋಧಿ ಮತ್ತು ಭತ್ತಕ್ಕೆ ಅನುಸರಿಸಲಾಗುತ್ತದೆ. ಬೇಗನೆ ಹುಳು ಹಿಡಿಯುವ ತೊಗರಿಗೆ ಅದು ತಕ್ಕುದಲ್ಲ.

ಸ್ಥಳ ದೊರೆತ ಮೇಲೆ ಅಲ್ಲಿ ಯಾರ ಮಾಲು ಹೋಗಬೇಕೆಂಬ ಪ್ರಶ್ನೆ ಮುಖ್ಯವಾದುದು. 2007ರ ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮದ ಅಡಿಯಲ್ಲಿ ನೋಂದಣಿಯಾದ ಉಗ್ರಾಣ ಮಾತ್ರ ವರ್ಗಾಯಿಸಬಹುದಾದ ರಸೀದಿಯನ್ನು ನೀಡಬಹುದು. ನೋಂದಣಿಯು ಆಯಾ ಕಟ್ಟಡಕ್ಕೆ ಸಂಬಂಧಿಸಿದ್ದಾಗಿದೆ. ಮುಖ್ಯ ಉಗ್ರಾಣ ನೋಂದಣಿಯಾಗಿದ್ದು ಬಾಡಿಗೆ ಗೋದಾಮು ನೋಂದಣಿಯಾಗಿರದಿದ್ದಲ್ಲಿ, ಬಾಡಿಗೆ ಗೋದಾಮಿಗೆ ಹೋದ ಮಾಲಿಗೆ ಆ ರಸೀದಿ ದೊರೆಯುವುದಿಲ್ಲ. ಕೊನೆಗೆ ಬಂದ ರೈತರನ್ನೇ ಅಲ್ಲಿಗೆ ಕಳುಹಿಸಿದರೆ ಸಾಲದ ಅಗತ್ಯವುಳ್ಳವರೇ ರಸೀದಿಯಿಂದ ವಂಚಿತರಾಗುತ್ತಾರೆ.

ಆದುದರಿಂದ ಆರನೆಯ ವಾರದಿಂದ ಖರೀದಿ ಸಂಸ್ಥೆಗಳ ದೊಡ್ಡ ಪ್ರಮಾಣದ ಮಾಲನ್ನು ನೇರವಾಗಿ ಬಾಡಿಗೆ ಗೋದಾಮಿಗೆ ಇಳಿಸಿ, ಮುಖ್ಯ ಉಗ್ರಾಣವನ್ನು ರೈತರಿಗೆ ಉಳಿಸುವುದು ಸೂಕ್ತ. ಇದಕ್ಕೆ ಆ ಸಂಸ್ಥೆಗಳ ಲಿಖಿತ ಒಪ್ಪಿಗೆಯನ್ನು ನವೆಂಬರ್‌ನಲ್ಲಿಯೇ ಪಡೆಯಬೇಕು. ವಿಮೆಯ ದಾಖಲೆಯಲ್ಲಿ ಆ ಗೋದಾಮಿನ ವಿಳಾಸ ಸೇರಿರಬೇಕು. ಒಮ್ಮೆ ಮುಖ್ಯ ಉಗ್ರಾಣದಲ್ಲಿ ಇಳಿಸಿದ ಮಾಲನ್ನು ನಂತರ ಸಾಗಿಸುವುದಾದರೆ ಪ್ರತಿ ಚೀಲವನ್ನು ಮತ್ತೆ ಏರಿಸಿ, ಮತ್ತೆ ಇಳಿಸಬೇಕು. 15,000 ಚೀಲಗಳಿಗೆ ಇದು ಸುಮಾರು 43 ತಂಡ-ದಿನಗಳ ಕೆಲಸ. ಅಷ್ಟು ಬಿಡುವು ಹಂಗಾಮಿನ ನಡುವೆ ದೊರೆಯುವುದಿಲ್ಲ.

ಧೂಮೀಕರಣದ ಏಳು ದಿನಗಳು

ಹುಳು ಕಂಡ ಅಟ್ಟಿಯನ್ನು ಅನಿಲ ಸೋರದ ಹೊದಿಕೆಯಿಂದ ಮುಚ್ಚಿ ಧೂಮೀಕರಣ ಮಾಡಲಾಗುತ್ತದೆ. ಹೊದಿಕೆಯನ್ನು ಸಾಮಾನ್ಯವಾಗಿ ಏಳು ದಿನ ತೆಗೆಯುವಂತಿಲ್ಲ. ಆ ಅವಧಿಯಲ್ಲಿ ಅಟ್ಟಿಯಿಂದ ವಿಲೇವಾರಿ ಇಲ್ಲ. ಬಳಸುವ ಫಾಸ್ಫೀನ್ ಅನಿಲ ಪ್ರಾಣಾಂತಕವಾದುದರಿಂದ ಆ ವಿಭಾಗದಲ್ಲಿ ಹಮಾಲರ ಕೆಲಸವೂ ಇಲ್ಲ. ಐದನೆಯ ವಾರದಲ್ಲಿ ಒಂದು ವಿಭಾಗ ಹೀಗೆ ಮುಚ್ಚಿದಲ್ಲಿ ಮೇಲಿನ ಎಲ್ಲ ಲೆಕ್ಕಗಳೂ ತಪ್ಪುತ್ತವೆ. ಹಳೆಯ ದಾಸ್ತಾನಿನ ತಪಾಸಣೆ ಮತ್ತು ಧೂಮೀಕರಣವನ್ನು ನವೆಂಬರ್‌ನಲ್ಲಿಯೇ, ಅರ್ಧ ಅಟ್ಟಿಗಳನ್ನು ಕೂಡಿಸಿದ ಕೂಡಲೇ ಮುಗಿಸತಕ್ಕದ್ದು.

ಕೊರತೆ ಎಲ್ಲಿದೆ ಎಂದು ತಿಳಿಯುವ ಬಗೆ

ಹಂಗಾಮು ನಡೆಯುತ್ತಿರುವಾಗ ಲೆಕ್ಕ ತಪ್ಪಿದೆಯೇ ಎಂದು ತಿಳಿಯಲು ವಾಹನಗಳು ಎಲ್ಲಿ ನಿಂತಿವೆ ಎಂದು ನೋಡಿದರೆ ಸಾಕು.

1. ವಾಹನಗಳು ಗೇಟಿನ ಹೊರಗಿದ್ದು, ಕಟ್ಟೆಗಳು ಖಾಲಿಯಾಗಿ ಹಮಾಲರು ಕುಳಿತಿದ್ದಲ್ಲಿ ಕೊರತೆ ಪರೀಕ್ಷಾ ಮೇಜಿನದು.
2. ಪರೀಕ್ಷೆ ಮತ್ತು ತೂಕ ಮುಗಿದ ವಾಹನಗಳು ಕಟ್ಟೆಯ ಮುಂದೆ ನಿಂತಿದ್ದಲ್ಲಿ ಕೊರತೆ ಹಮಾಲರದು ಅಥವಾ ಕಟ್ಟೆಗಳದು.
3. ಇಳಿಸಿದ ಚೀಲಗಳು ಕಟ್ಟೆಯ ಮೇಲೆ ಅಥವಾ ಅಟ್ಟಿಗಳ ನಡುವಿನ ಓಣಿಯಲ್ಲಿ ರಾತ್ರಿ ಉಳಿದಿದ್ದಲ್ಲಿ ಕೊರತೆ ಸ್ಥಳದ್ದು.

ಮೂರನೆಯ ಸ್ಥಿತಿ ಅತಿ ಅಪಾಯಕಾರಿ. ಓಣಿ ಮುಚ್ಚಿದಲ್ಲಿ ತಪಾಸಣೆ ಮಾಡಲು, ಹೊದಿಕೆ ಹಾಕಲು ಮತ್ತು ಬೆಂಕಿ ಆಕಸ್ಮಿಕದಲ್ಲಿ ಒಳಹೋಗಲು ದಾರಿ ಇರುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ರೈತರು ತರಲಿರುವ ಅಂದಾಜು ಚೀಲಗಳ ಸಂಖ್ಯೆ ಮತ್ತು ವಾರವನ್ನು ನವೆಂಬರ್ ತಿಂಗಳಿನಲ್ಲಿ ಉಗ್ರಾಣದ ವ್ಯವಸ್ಥಾಪಕರಿಗೆ ತಿಳಿಸುವುದು ಅಪೇಕ್ಷಣೀಯ. ವಾರವಾರು ಆವಕದ ಅಂದಾಜು ಸಿದ್ಧವಾಗುವುದು ಈ ಮಾಹಿತಿಯಿಂದಲೇ. ಸಾಧ್ಯವಿರುವವರು ಐದನೆಯ ವಾರದ ಬದಲು ಮೂರನೆಯ ಅಥವಾ ಎಂಟನೆಯ ವಾರವನ್ನು ಆರಿಸಿಕೊಂಡಲ್ಲಿ ಕಾಯುವ ಅವಧಿ ಬಹಳಷ್ಟು ಕಡಿಮೆಯಾಗುತ್ತದೆ. ತೊಗರಿಯನ್ನು ಒಣಗಿಸಿ, ತೂರಿ, 50 ಕಿಲೋ ಚೀಲಗಳಲ್ಲಿ ತರಬೇಕು. ತೇವಾಂಶ ಹೆಚ್ಚಿರುವ ಮಾಲು ಹಿಂದಿರುಗಿದಲ್ಲಿ ಆ ವಾಹನ ಎರಡನೆಯ ಬಾರಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ರಸೀದಿ ಪಡೆಯುವಾಗ ಚೀಲಗಳ ಸಂಖ್ಯೆ, ತೂಕ, ಗುಣಮಟ್ಟ ಮತ್ತು ಮಾಲು ಇರುವ ಕಟ್ಟಡದ ವಿಳಾಸವನ್ನು ಓದಿ ನೋಡಬೇಕು. ಸಾಲ ಪಡೆಯುವ ಉದ್ದೇಶವಿದ್ದಲ್ಲಿ ಅದನ್ನು ಅರ್ಜಿಯಲ್ಲಿಯೇ ತಿಳಿಸಬೇಕು.

ಗೋದಾಮು ಮಾಲೀಕರು ಮಳೆಗಾಲ ಮುಗಿದ ಕೂಡಲೇ ಛಾವಣಿ ಸೋರಿಕೆ ಮತ್ತು ನೆಲದ ತೇವವನ್ನು ಪರಿಶೀಲಿಸಿ, ಲಾರಿ ಬಾಗಿಲವರೆಗೆ ಬರುವ ದಾರಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಆರನೆಯ ವಾರಕ್ಕೆ ಬೇಕಾದ ಸ್ಥಳಕ್ಕೆ ಐದನೆಯ ವಾರದಲ್ಲಿ ಬಂದ ಅರ್ಜಿಯಿಂದ ಪ್ರಯೋಜನವಿಲ್ಲ. ತಪಾಸಣೆ, ಕರಾರು ಮತ್ತು ವಿಮೆಗೆ ಸಮಯ ಬೇಕಾಗುತ್ತದೆ.

ಹಮಾಲಿ ತಂಡಗಳು ತಮ್ಮ ಸದಸ್ಯರ ಸಂಖ್ಯೆ, ಕೆಲಸಕ್ಕೆ ಲಭ್ಯವಿರುವ ವಾರಗಳು ಮತ್ತು ಸಂಜೆಯ ಪಾಳಿಗೆ ಒಪ್ಪಿಗೆ ಇದೆಯೇ ಎಂಬುದನ್ನು ಮುಂಚಿತವಾಗಿ ಬರೆದುಕೊಡಬೇಕು. ಚೀಲವೊಂದಕ್ಕೆ ದರ, ಹೆಚ್ಚುವರಿ ಅವಧಿಯ ದರ ಮತ್ತು ಕೆಲಸದ ವೇಳೆ ಗಾಯವಾದಲ್ಲಿ ಹೊಣೆ ಯಾರದು ಎಂಬುದು ಕರಾರಿನಲ್ಲಿ ನಮೂದಾಗಿದೆಯೇ ಎಂದು ಸಹಿ ಮಾಡುವ ಮುನ್ನ ನೋಡಿಕೊಳ್ಳತಕ್ಕದ್ದು.

ಹೆಚ್ಚಿನ ವಿವರಗಳಿಗಾಗಿ ಸಮೀಪದ ಉಗ್ರಾಣದ ವ್ಯವಸ್ಥಾಪಕರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.